ಸಹಾಯ ಬೇಕು: 40 ನಿಮಿಷದ ಭಿನ್ನರಾಶಿ ಪಾಠದಲ್ಲಿ ಸಮಯ ಸಾಲುತ್ತಿಲ್ಲ

ಆರನೇ ತರಗತಿಗೆ ಬೇರೆ ಬೇರೆ ಛೇದಗಳಿರುವ ಭಿನ್ನರಾಶಿಗಳ ಸಂಕಲನವನ್ನು ಒಂದೇ ಅವಧಿಯಲ್ಲಿ ಕಲಿಸಬೇಕಾಗಿದೆ. ನನ್ನ ಯೋಜನೆ ಹೀಗಿತ್ತು: ಹಿಂದಿನ ಪಾಠದ ನೆನಪಿಗೆ 5 ನಿಮಿಷ, ಕಾಗದದ ಪಟ್ಟಿ ಮಡಚಿ 1/2 + 1/3 ತೋರಿಸಲು 10, ಅಭ್ಯಾಸಕ್ಕೆ 20, ಕೊನೆಯಲ್ಲಿ ಎಲ್ಲರೂ ಬರೆದುಕೊಡುವ ಒಂದು ಲೆಕ್ಕಕ್ಕೆ 5.

ಆದರೆ ಪಟ್ಟಿಯನ್ನು ಮೂರು ಸಮಭಾಗವಾಗಿ ಮಡಚುವುದರಲ್ಲೇ 18 ನಿಮಿಷ ಹೋಯಿತು. ಕೊನೆಯ ಲೆಕ್ಕವನ್ನು ಕೈಬಿಟ್ಟೆ. ಮರುದಿನ ನೋಡಿದರೆ ಅನೇಕರು ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿ 2/5 ಎಂದು ಬರೆದಿದ್ದರು. ಅದು ಅರ್ಧಕ್ಕಿಂತಲೂ ಕಡಿಮೆ ಎಂಬುದು ಅವರಿಗೆ ಹೊಳೆಯಲೇ ಇಲ್ಲ, ನನಗೆ ತುಂಬಾ ಬೇಸರವಾಯಿತು.

ಇನ್ನೊಂದು ವಿಭಾಗದಲ್ಲಿ ಮಡಚುವುದನ್ನು ಬಿಟ್ಟು 12 ಸೆಂ.ಮೀ. ಪಟ್ಟಿ ಕೊಟ್ಟೆ. ಅರ್ಧ 6, ಮೂರನೇ ಒಂದು ಭಾಗ 4, ಒಟ್ಟು 10. ಅಂದರೆ 10/12, ಅಥವಾ 5/6. ಇದು 8 ನಿಮಿಷದಲ್ಲಿ ಮುಗಿಯಿತು. ಆದರೆ 12 ಅನ್ನು ನಾನೇ ಆರಿಸಿಕೊಟ್ಟಿದ್ದರಿಂದ, ಸಮಾನ ಛೇದವನ್ನು ತಾವಾಗಿ ಹುಡುಕಲು ಮಕ್ಕಳಿಗೆ ಬರಲಿಲ್ಲ.

ಬೇಗ ಮುಗಿಸಿದವರಿಗೆಂದು ಹೆಚ್ಚುವರಿ ಚಟುವಟಿಕೆಯೊಂದನ್ನು ಇಟ್ಟುಕೊಂಡಿದ್ದೇನೆ: ಅಂಶ 1 ಇರುವ ಎರಡು ಭಿನ್ನರಾಶಿಗಳನ್ನು ಕೂಡಿಸಿ 1/2 ಮಾಡುವುದು (1/3 + 1/6 ಹಾಗೆ).

ಪಟ್ಟಿಯ ಉದ್ದವನ್ನು ಮಕ್ಕಳೇ ಆರಿಸುವಂತೆ ಮಾಡಿದರೆ ಆ ಭಾಗಕ್ಕೆ ಎಷ್ಟು ನಿಮಿಷ ಕೊಡಬೇಕು, ಅದನ್ನು ಅಭ್ಯಾಸದ 20ರಿಂದ ಕಡಿತ ಮಾಡಬಹುದೇ? ಈ ಪಾಠ ಮಾಡಿದವರು ನಿಮ್ಮ ಸಮಯ ಹಂಚಿಕೆಯನ್ನು ತಿಳಿಸುತ್ತೀರಾ?