ಸಹಾಯ ಬೇಕು: ‘ತಿರಸ್ಕರಿಸಲಾಗಿವೆ’ ತಪ್ಪಾ, ಬರೀ ಭಾರನಾ?

ಆಫೀಸಲ್ಲಿ ಇಂಗ್ಲಿಷ್ ಸುತ್ತೋಲೆಗಳನ್ನ ಕನ್ನಡ ಮಾಡೋ ಕೆಲಸ ನಂದು, ಹಿಂದಿನವರು ಬರೆದಿಟ್ಟ ಒಂದು ಸಾಲು ನೋಡಿ: ‘ಅರ್ಜಿಗಳನ್ನು ಆಯುಕ್ತರಿಂದ ತಿರಸ್ಕರಿಸಲಾಗಿವೆ.’ ನಾನು ತಪ್ಪು ಅಂದೆ, ಮೇಲಿನವರು ‘ಸ್ವಲ್ಪ ಭಾರ ಅಷ್ಟೇ, ಬಿಡ್ರಿ’ ಅಂದ್ರು.

ನನ್ ಲೆಕ್ಕ ಹೀಗೆ. ‘ಅರ್ಜಿಗಳು ತಿರಸ್ಕರಿಸಲ್ಪಟ್ಟಿವೆ’ ಅಂದ್ರೆ ಭಾರ, ಯಾರೂ ಹಂಗೆ ಮಾತಾಡಲ್ಲ, ಆದ್ರೆ ವ್ಯಾಕರಣ ಸರಿ, ಯಾಕಂದ್ರೆ ‘ಅರ್ಜಿಗಳು’ ಪ್ರಥಮೆಗೆ ಬಂದು ಕ್ರಿಯಾಪದ ಅದರ ಬಹುವಚನಕ್ಕೆ ಹೊಂದಿಕೊಂಡಿದೆ. ‘ಅನ್ನು’ ಉಳಿಸ್ಕೊಂಡ್ರೆ ಹೊಂದಿಕೊಳ್ಳೋಕೆ ಕರ್ತೃಪದವೇ ಇಲ್ಲ, ಅರ್ಜಿ ಒಂದಿರ್ಲಿ ನೂರಿರ್ಲಿ ‘ತಿರಸ್ಕರಿಸಲಾಗಿದೆ’ ಅಂತಲೇ ಬರ್ಬೇಕು. ಹಾಗಾಗಿ ‘ಲಾಗಿವೆ’ ಖಂಡಿತ ತಪ್ಪು. ‘ಅರ್ಜಿಗಳನ್ನು ತಿರಸ್ಕರಿಸಲ್ಪಟ್ಟಿದೆ’ ಅನ್ನೋದೂ ಅಷ್ಟೇ, ಎರಡು ರಚನೆ ಕಲಸಿದ ಚಿತ್ರಾನ್ನ. ‘ಸಭೆ ನಡೆಯಲ್ಪಟ್ಟಿತು’ ಕೂಡ ಕೆಟ್ಟಿದ್ದೇ, ‘ನಡೆ’ ಅಕರ್ಮಕ, ‘ನಡೆಸಲ್ಪಟ್ಟಿತು’ ಆದ್ರೆ ನಿಲ್ಲುತ್ತೆ.

ನಾನು ಸಿಕ್ಕಾಕೊಂಡಿರೋದು ‘ಆಯುಕ್ತರಿಂದ’ದಲ್ಲಿ. ‘ಲಾಗಿದೆ’ ಇರೋದೇ ಮಾಡಿದವರ ಹೆಸರು ಹೇಳದೆ ಇರೋಕೆ, ಅದ್ರ ಜೊತೆ ‘ಇಂದ’ ಹಾಕಿದ್ರೆ ನನ್ ಕಿವಿಗೆ ವಾಕ್ಯವೇ ಮುರಿದಂಗೆ ಕೇಳ್ಸುತ್ತೆ. ಇದು ನಿಮಗೂ ತಪ್ಪಾ, ಇಲ್ಲಾ ಬರೀ ಭಾರನಾ? ‘ಆಯುಕ್ತರು ಅರ್ಜಿಗಳನ್ನು ತಿರಸ್ಕರಿಸಿದ್ದಾರೆ’ ಅಂತ ತಿದ್ದಿಟ್ಟಿದೀನಿ, ಮೇಲಿನವರನ್ನ ಒಪ್ಸೋಕೆ ಗಟ್ಟಿ ಕಾರಣ ಇದ್ರೆ ಹೇಳಿ ಪ್ಲೀಸ್.