ಸಹಾಯ ಬೇಕು: ಸ್ಕೂಟರ್ ಶೋರೂಂ ಜಾಹೀರಾತಿಗೆ 20 ಸೆಕೆಂಡಿನ ಮಾತು

ದಾವಣಗೆರೆಯಲ್ಲಿ ನಮ್ಮಣ್ಣನ ಎಲೆಕ್ಟ್ರಿಕ್ ಸ್ಕೂಟರ್ ಶೋರೂಂ ಇದೆ. ಜಾಹೀರಾತಿಗೆ ನಾನು ಮೊದಲು ಬರೆದದ್ದು 60 ಪದ ಆಯ್ತು. ಓದುವಾಗ ಉಸಿರು ಸಾಲದೆ ಕೊನೆಯ ‘ಟೆಸ್ಟ್ ರೈಡ್’ ನುಂಗಿಹೋಗುತ್ತಿತ್ತು. ಈಗ ಹೀಗೆ ಇಳಿಸಿದ್ದೇನೆ:

“ಪೆಟ್ರೋಲ್ ಬಂಕ್ ಕ್ಯೂ ಸಾಕಾಯ್ತಾ? ರಾತ್ರಿ ಚಾರ್ಜಿಗೆ ಹಾಕಿ, ಬೆಳಗ್ಗೆ ಆರಾಮಾಗಿ ಹೊರಡಿ. ಸುಮ್ನೆ ಕೇಳಿದ್ರೆ ಸಾಲದು, ಓಡಿಸಿ ನೋಡಿ! ಈ ಭಾನುವಾರ ಟೆಸ್ಟ್ ರೈಡ್ ಫ್ರೀ. ಬರುವಾಗ ಡಿಎಲ್ ಮರೀಬೇಡಿ.”

ಅಣ್ಣನಿಗೆ ‘ಒಂದು ಚಾರ್ಜಿಗೆ ಇಷ್ಟು ಕಿಲೋಮೀಟರ್’ ಅಂತಲೂ ಸೇರಿಸಬೇಕು. ಆದರೆ ಹಿಂದೆ ಒಬ್ಬರು ಕೂತರೆ, ಜೋರಾಗಿ ಓಡಿಸಿದರೆ ಕಂಪನಿ ಹೇಳಿದಷ್ಟು ಬರಲ್ಲ. ಗಿರಾಕಿ ನಾಳೆ ಬಂದು ಕೇಳ್ತಾರೆ, ಅಲ್ವಾ? ನನಗಂತೂ ಬೇಡ ಅನಿಸುತ್ತದೆ. ಅಂಕಿ ಹೇಳದೆ ಆ ಮಾತನ್ನು ಒಂದೇ ಸಾಲಲ್ಲಿ ಹೇಗೆ ಹೇಳಲಿ? ಶುಕ್ರವಾರ ರೆಕಾರ್ಡಿಂಗ್ ಇದೆ.