ಸಹಾಯ ಬೇಕು: ಒಂದೇ ಆರ್ಡರನ್ನು ಎರಡೂ ಜಾಹೀರಾತು ತನ್ನದು ಅಂತಿವೆ

ಶಿರಸಿಯಿಂದ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಆನ್‌ಲೈನ್‌ನಲ್ಲಿ ಮಾರುತ್ತೇವೆ. ಕಳೆದ ತಿಂಗಳು ರೀಲ್ಸ್ ಜಾಹೀರಾತು 2.4 ಲಕ್ಷದ ಮಾರಾಟ ತನ್ನಿಂದ ಅಂತು, ಸರ್ಚ್ ಜಾಹೀರಾತು 2 ಲಕ್ಷ ಅಂತು, ಆದರೆ ನಮಗೆ ಬಂದಿದ್ದೇ ಒಟ್ಟು 3 ಲಕ್ಷ! ರೀಲ್ಸ್ ನೋಡಿ, ಆಮೇಲೆ ಹೆಸರು ಹುಡುಕಿ ಕೊಂಡವರನ್ನು ಎರಡೂ ಎಣಿಸುತ್ತವೆ, ಅಲ್ವಾ?

ಅದಕ್ಕೇ ಒಟ್ಟು ಮಾರಾಟವನ್ನು ಒಟ್ಟು ಜಾಹೀರಾತು ಖರ್ಚು 1 ಲಕ್ಷದಿಂದ ಭಾಗಿಸಿದೆ: 3. ಸಾಮಾನು, ಪ್ಯಾಕಿಂಗ್, ಕೊರಿಯರ್ ಕಳೆದು ನೂರಕ್ಕೆ 40 ಉಳಿಯುತ್ತದೆ, ಹಾಗಾಗಿ 2.5 ದಾಟಿದರೆ ಸಾಕು.

ಈ ತಿಂಗಳು ರೀಲ್ಸ್‌ಗೆ 20 ಸಾವಿರ ಜಾಸ್ತಿ ಹಾಕಿದೆ, ಮಾರಾಟ ಏರಿದ್ದು 30 ಸಾವಿರ ಮಾತ್ರ. ಒಟ್ಟು ಲೆಕ್ಕ ಇನ್ನೂ 2.75, ಚೆನ್ನಾಗೇ ಕಾಣುತ್ತದೆ. ಆ ಹೆಚ್ಚಿನ ದುಡ್ಡನ್ನೇ ನೋಡಿದರೆ 1.5!

ಯಾವುದನ್ನು ನಂಬಲಿ? ರೀಲ್ಸ್ ಖರ್ಚು ಈಗಲೇ ಇಳಿಸಬೇಕಾ, ಕಾಯುವುದಾದರೆ ಎಷ್ಟು ವಾರ?